ಗುಮಾಸ್ತರು ಬರೆಯದೆ ಬಿಟ್ಟ ಸಾಲು

ಪೈಪು, ನಲ್ಲಿಗಳ ಸಗಟು ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಬಿಲ್ಲು ಹಾಕಿದ ಗುಮಾಸ್ತರಿಗೆ ಯಜಮಾನರು, "ಇನ್ನು ಸಾಕು, ಕೆಲಸಾನೆಲ್ಲ ಹೊಸ ಹುಡುಗಿಗೆ ಬರೆದುಕೊಟ್ಟು ಹೊರಡಿ" ಎಂದುಬಿಟ್ಟರು. ಎಷ್ಟು ಎಳೆದು ಬರೆದರೂ ಅದು ಒಂದೂವರೆ ಪುಟಕ್ಕೆ ಮುಗಿದುಹೋಯಿತು. ಇಪ್ಪತ್ತೆರಡು ವರ್ಷ ಇಷ್ಟೇನಾ ಎನಿಸಿ, ಬೇಕೆಂದೇ ಒಂದು ಸಾಲು ಬಿಟ್ಟರು: ಸರಕು ಹೊರಟಾಗ ಹೊಸ ಬಿಲ್ಲು ಮಾಡಬಾರದು, ಕಂಪ್ಯೂಟರಿನಲ್ಲಿ ಗಿರಾಕಿಯ ಆರ್ಡರನ್ನೇ ತೆರೆದು ಬಿಲ್ಲಾಗಿ ಬದಲಿಸಬೇಕು. ಇಲ್ಲದಿದ್ದರೆ ಆರ್ಡರು ಬಾಕಿ ಪಟ್ಟಿಯಲ್ಲೇ ಉಳಿದು, ಅದೇ ಸರಕು ಇನ್ನೊಮ್ಮೆ ಹೋಗುತ್ತದೆ. ಎರಡೇ ದಿನ, ಕೈಕಾಲು ಹಿಡಿದು ವಾಪಸು ಕರೆಯುತ್ತಾರೆ!

ಕೆಲಸ ಬಿಟ್ಟು ಮನೆಗೆ ಬಂದ ಮೇಲೆ ಫೋನನ್ನು ಬಚ್ಚಲಿಗೂ ಒಯ್ದರು. "ಯಾರ ಫೋನ್ ಬರ್ಬೇಕ್ರೀ?" ಎಂದ ಹೆಂಡತಿಯ ಮೇಲೆ ಹರಿಹಾಯ್ದರು. ಒಂಬತ್ತನೆಯ ದಿನ ಅದು ಬಡಿದುಕೊಂಡಿತು.

"ಅಂಕಲ್, ನೀವು ಬರೆದಿದ್ರಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು," ಎಂದಳು ಹೊಸ ಹುಡುಗಿ.

"ಈಗ್ಲೇ ಬಂದೆ ಕಣಮ್ಮಾ!" ಗುಮಾಸ್ತರ ಒಂದು ಕಾಲು ಆಗಲೇ ಚಪ್ಪಲಿಯೊಳಗಿತ್ತು.

"ಅಯ್ಯೋ, ಬೇಡಿ ಅಂಕಲ್. ಮೊದಲನೇ ದಿನಾನೇ, ಕಳಿಸಿದ ಆರ್ಡರೂ ಬಾಕಿ ಪಟ್ಟೀಲೇ ಇರೋದು ನೋಡಿದಾಗ ಗೊತ್ತಾಯ್ತು, ನಾನೇ ಸೇರಿಸ್ಕೊಂಡೆ. ಯಜಮಾನ್ರಿಗೆ ಹೇಳಿಲ್ಲ. ನಿಮಗೆ ಯಾವತ್ತಾದ್ರೂ ನೆನಪಾಗಿ ಬೇಜಾರಾಗ್ಬಾರ್ದು ಅಂತ ಫೋನ್ ಮಾಡ್ದೆ, ಅಷ್ಟೆ."