ನಲ್ಲಿಯ ಹೊಟ್ಟೆ ಹೇಳಿದ ಸಾಕ್ಷಿ

ಬ್ಯಾಂಕಿನಲ್ಲಿ ಇಪ್ಪತ್ತೆಂಟು ವರ್ಷ ಸಹಿಗಳನ್ನು ಹೋಲಿಸಿ ನೋಡಿದವನು ನಾನು. ನನ್ನ ಕಣ್ಣಿಗೆ ಮೊದಲು ಬೀಳುವುದು ಮೋಸ, ಆಮೇಲೆ ಮನುಷ್ಯ. ಈ ಗುಣಕ್ಕೆ ಆಗ ನನಗೆ ಒಳಗೊಳಗೇ ಜಂಬವೂ ಇತ್ತು.

ಬಾಲಿಗಂಜ್‌ನ ನಮ್ಮ ಕಟ್ಟಡದಲ್ಲಿ ಹದಿನಾರು ಮನೆ, ಹದಿನಾರಕ್ಕೂ ಪ್ಲಂಬರ್ ಒಬ್ಬನೇ. ಅವನ ಸಂಸಾರ ನಡೆಯುತ್ತಿದ್ದುದು ನಮ್ಮ ನಲ್ಲಿಗಳಿಂದ. ವಾಶ್‌ಬೇಸಿನ್ನಿಗೆ ಒಂದೇ ಹಿಡಿಯ ಹೊಸ ನಮೂನೆಯ ನಲ್ಲಿ ಹಾಕಿಸಬೇಕೆಂದಾಗ ಅವನು, "ನಾನೂ ಅಂಗಡಿಗೆ ಬರುತ್ತೇನೆ ಬಾಬು" ಎಂದ. ಕಮಿಷನ್ ಹೊಡೆಯಲು ಬರುತ್ತಾನೆ ಎಂದುಕೊಂಡೆ. ಒಬ್ಬನೇ ಸಿಯಾಲ್ದಾ ಪೇಟೆಗೆ ಹೋಗಿ, ಹಿಡಿಯ ಮೇಲಿನ ಬಿರಡೆಯಲ್ಲಿ ಒಳ್ಳೆಯ ಕಂಪನಿಯ ಹೆಸರಿದ್ದ ನಲ್ಲಿಯನ್ನು ಚೌಕಾಸಿ ಮಾಡಿ ತಂದು ಅವನಿಂದಲೇ ಹಾಕಿಸಿದೆ. ಮನೆಗೆ ಬಂದವರಿಗೆಲ್ಲ ಆ ಹೆಸರು ತೋರಿಸಿದ್ದೇ ತೋರಿಸಿದ್ದು.

ಎರಡು ವರ್ಷದ ಮೇಲೆ ನೀರು ಸಣ್ಣಗೆ ಬರತೊಡಗಿತು. ಪ್ಲಂಬರ್ ಬಂದು ಹಿಡಿ ಕಳಚಿ, ಒಳಗಿನ ಕಾರ್ಟ್ರಿಜ್ ಹೊರತೆಗೆದು ಕಸ ತೊಳೆದು ಮತ್ತೆ ಕೂರಿಸಿದ. ಬಿಸಿನೀರು ತಣ್ಣೀರನ್ನು ಬೆರೆಸಿ ಬಿಡುವುದು ಈ ಪ್ಲಾಸ್ಟಿಕ್ ಡಬ್ಬಿಯೇ. ಒಳಗೆ ಎರಡು ಪಿಂಗಾಣಿ ಬಿಲ್ಲೆ, ತಳದಲ್ಲಿ ಮೂರು ತೂತು, ತಿರುಗದಂತೆ ಹಿಡಿಯಲು ಎರಡು ಸಣ್ಣ ಗೂಟ. ಒಂದು ತಿಂಗಳಿಗೆ ನಲ್ಲಿ ತೊಟ್ಟಿಕ್ಕತೊಡಗಿತು. ಪ್ಲಂಬರ್ ಮತ್ತೆ ಬಂದು ನೋಡಿ, ಬಿಲ್ಲೆ ಸವೆದಿದೆ, ಕಾರ್ಟ್ರಿಜ್ ಬದಲಾಯಿಸಬೇಕು ಎಂದು ನೀರಿನ ಕಾಕ್ ಮುಚ್ಚಿ ಅದನ್ನು ಬಿಚ್ಚಿ ಕೊಟ್ಟ.

ನಾನು ಅದನ್ನು ಜೇಬಿಗೆ ಹಾಕಿಕೊಂಡು ಕಂಪನಿಯ ಅಂಗಡಿಗೇ ಹೋದೆ. ಕೌಂಟರಿನವನು ತಿರುಗಿಸಿ ನೋಡಿ, "ಇದು ನಮ್ಮದಲ್ಲ" ಎಂದ. ಕಂಪನಿಯದು ಮೂವತ್ತೈದು ಮಿಲಿಮೀಟರ್ ಅಗಲ, ಇದು ನಲವತ್ತು. ಗೂಟಗಳ ಜಾಗವೂ ಬೇರೆ ಎಂದು ತೋರಿಸಿದ. ನನಗೆ ಮೈಯೆಲ್ಲ ಉರಿದುಹೋಯಿತು. ತೊಳೆಯುವ ನೆಪದಲ್ಲಿ ಕಂಪನಿಯ ಕಾರ್ಟ್ರಿಜ್ ಎತ್ತಿಕೊಂಡು ನಕಲಿ ಕೂರಿಸಿದ್ದಾನೆ! ಅಂದೇ ಕಟ್ಟಡದ ಸೆಕ್ರೆಟರಿಗೆ ಹೇಳಿದೆ, ಸಂಜೆಯೊಳಗೆ ಗೇಟು ಕಾಯುವ ದರವಾನನಿಗೂ ಸುದ್ದಿ ಮುಟ್ಟಿತು. ಮರುದಿನದಿಂದ ಪ್ಲಂಬರನಿಗೆ ಗೇಟಿನೊಳಗೆ ಪ್ರವೇಶವಿಲ್ಲ.

ಹೆಂಡತಿ ಮಾತ್ರ ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಅವಳನ್ನೂ ಸಂಶಯದಿಂದಲೇ ನೋಡಿದೆ.

ಕಂಪನಿಯ ಕಾರ್ಟ್ರಿಜ್ ತಂದು ನಾನೇ ಕೂರಿಸಹೋದೆ. ನಲ್ಲಿಯ ಅಗಲವಾದ ಹೊಟ್ಟೆಯಲ್ಲಿ ಅದು ಲೊಡಲೊಡ ಅಲ್ಲಾಡಿತು, ಗೂಟಗಳಿಗೆ ಗುಳಿಯೇ ಸಿಗಲಿಲ್ಲ. ಕೊನೆಗೆ ಬೇಸಿನ್ನಿನ ಕೆಳಗಿನ ನಟ್ಟು ಬಿಚ್ಚಿ, ಇಡೀ ನಲ್ಲಿಯನ್ನೇ ಹಳೆಯ ಕಾರ್ಟ್ರಿಜ್ಜಿನೊಂದಿಗೆ ಚೀಲಕ್ಕೆ ಹಾಕಿಕೊಂಡು ಸಿಯಾಲ್ದಾದ ಬಿಡಿಭಾಗಗಳ ಅಂಗಡಿಯೊಂದಕ್ಕೆ ಹೋದೆ.

ಅಂಗಡಿಯ ಮುದುಕ ಹೆಸರನ್ನು ಓದಲೇ ಇಲ್ಲ. ಕೈಯಲ್ಲಿ ತೂಗಿದ, ಮಗುಚಿ ತಳ ನೋಡಿದ, ಹೊಟ್ಟೆಯೊಳಗೆ ಬೆರಳಾಡಿಸಿದ. ಆಮೇಲೆ ಕಂಪನಿಯ ಅಸಲಿ ನಲ್ಲಿಯೊಂದನ್ನು ತಂದು ಅದರ ಪಕ್ಕದಲ್ಲಿಟ್ಟ. ಅದರ ಮೈ ನೇರ, ತೆಳ್ಳಗೆ. ತಳದಲ್ಲಿ ಕಂಪನಿಯ ಗುರುತು ಒತ್ತಿತ್ತು. ನನ್ನದು ಡೊಳ್ಳುಹೊಟ್ಟೆಯದು, ತಳ ಬೋಳು.

"ಇದು ಇಲ್ಲೇ ಮಾಡಿದ ಲೋಕಲ್ ಮಾಲು ಬಾಬು. ಬಿರಡೆ ಮಾತ್ರ ಕಂಪನಿಯದು, ಅಂಟಿಸಿದ್ದಾರೆ" ಎಂದ. ನನ್ನ ಹಳೆಯ ಕಾರ್ಟ್ರಿಜ್ಜನ್ನು ಆ ಹೊಟ್ಟೆಯೊಳಗೆ ಇಳಿಸಿದ. ಎರಡೂ ಗೂಟ ಎರಡೂ ಗುಳಿಗೆ ಟಕ್ಕನೆ ಕೂತವು. "ಇದಕ್ಕೆ ಮೊದಲಿನಿಂದಲೂ ಇಂಥದ್ದೇ ಇದ್ದಿದ್ದು. ಬೇರೆ ಕೂರುವುದೇ ಇಲ್ಲ."

ಕಾರ್ಟ್ರಿಜ್ ಕದಿಯಬಹುದು, ನಲ್ಲಿಯ ಹೊಟ್ಟೆಯನ್ನು ಯಾರೂ ಬದಲಿಸಲಾರರು. ಆ ಹೊಟ್ಟೆಯನ್ನು ಮನೆಗೆ ತಂದವನು ನಾನು. ಮುದುಕ ಅಳತೆ, ಗೂಟ, ತೂತು ಎಲ್ಲ ಹೊಂದಿಸಿ ಅಂಥದ್ದೇ ಇನ್ನೊಂದು ಕಾರ್ಟ್ರಿಜ್ ಹುಡುಕಿ ಕೊಟ್ಟ.

ಮನೆಗೆ ಬಂದು ಹೇಳಿದರೆ ಹೆಂಡತಿಗೆ ಆಶ್ಚರ್ಯವೇ ಆಗಲಿಲ್ಲ.

"ಫಿಟ್ ಮಾಡುವ ದಿನವೇ ಅವ ಹೇಳಿದ್ದ, ಇದು ಡುಪ್ಲಿಕೇಟ್ ದೀದಿ ಅಂತ. ಬಾಬುಗೆ ಹೇಳ್ಬೇಡಿ, ಪಾಪ, ಖುಷಿಯಲ್ಲಿದ್ದಾರೆ ಅಂದ."

"ನೀನಾದ್ರೂ ಹೇಳ್ಬಾರ್ದಿತ್ತಾ?"

"ಆಗ ಹೇಳಿದ್ರೂ, ಮೊನ್ನೆ ಹೇಳಿದ್ರೂ ನೀವು ನಂಬ್ತಿದ್ರಾ ಮಾರಾಯ್ರೆ? ಕಮಿಷನ್ ಸಿಗ್ಲಿಲ್ಲ, ಅದಕ್ಕೇ ಹಾಗೆ ಹೇಳ್ತಾನೆ ಅಂತಿದ್ರಿ. ಗೇಟು ಎರಡು ವರ್ಷ ಮೊದಲೇ ಮುಚ್ತಿತ್ತು, ಅಷ್ಟೆ."

ಖಂಡಿತ ಹಾಗೇ ಅನ್ನುತ್ತಿದ್ದೆ. ಸೆಕ್ರೆಟರಿಯ ಮನೆಗೆ ಹೋಗಿ, ತಪ್ಪು ನನ್ನದು ಎಂದು ದರವಾನನ ಎದುರಿಗೇ ಹೇಳಿದೆ. ಆಮೇಲೆ ಮೂಲೆಯ ಚಹಾದಂಗಡಿಯಲ್ಲಿ ಕೂತಿದ್ದ ಪ್ಲಂಬರನ ಬಳಿ ಹೋಗಿ ಕ್ಷಮೆ ಕೇಳಿದೆ. "ಇರಲಿ ಬಾಬು" ಎಂದು ಚೀಲ ಎತ್ತಿಕೊಂಡು ಹಿಂದೆಯೇ ಬಂದ.

ಬಾತ್‌ರೂಮಿನಲ್ಲಿ ನಲ್ಲಿಯನ್ನು ಮತ್ತೆ ಬೇಸಿನ್ನಿಗೆ ಬಿಗಿದು ನನ್ನನ್ನು ಕರೆದ. ಒಂದು ಅಂಗೈಯಲ್ಲಿ ಹಳೆಯ ಕಾರ್ಟ್ರಿಜ್, ಇನ್ನೊಂದರಲ್ಲಿ ಹೊಸದು. "ನೋಡಿಕೊಳ್ಳಿ ಬಾಬು" ಎಂದ. ಸಿಟ್ಟೇನೂ ಇರಲಿಲ್ಲ. ಕೂರಿಸಿ, ಹಳೆಯದನ್ನು ನನ್ನ ಕೈಗೆ ಕೊಟ್ಟ.

ಮುಂದೆ ಒಂಬತ್ತು ವರ್ಷ ನಮ್ಮ ಮನೆಯ ಕೆಲಸವೆಲ್ಲ ಅವನದೇ. ಬೇರೆ ಮನೆಗಳಲ್ಲಿ ಹಾಡಿಕೊಂಡು ಕೆಲಸ ಮಾಡುವವನು, ನಮ್ಮಲ್ಲಿ ಒಂದು ವಾಶರ್ ಬದಲಿಸಬೇಕಾದರೂ ನಾನು ಬಂದು ಬಾಗಿಲಲ್ಲಿ ನಿಲ್ಲುವವರೆಗೆ ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ.