ಕೇಳದೆ ಬಂದ ಕೋಡ್

ಶಾಲೆಯಲ್ಲಿ ಯಾರಿಗೂ ಬೇಡವಾದ ಕೆಲಸವೆಲ್ಲ ಕಂಪ್ಯೂಟರ್ ಮಿಸ್ ತಲೆಗೆ. ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡರೆ ಅವರು, ಮೈಕು ಗೊಗ್ಗರು ದನಿ ತೆಗೆದರೆ ಅವರು, ಹೆಡ್ ಮಿಸ್ ಫೋನಿನಲ್ಲಿ ಮೊಮ್ಮಗಳ ಫೋಟೋ ಕಾಣೆಯಾದರೂ ಅವರೇ. ಟೈಪಿಂಗ್ ಕಲಿಸಲೆಂದು ಬಂದು ಸೇರಿದ ಹೆಂಗಸು. ಟೈಪ್‌ರೈಟರ್‌ಗಳು ಗುಜರಿಗೆ ಹೋದವು, ಕಂಪ್ಯೂಟರ್‌ಗಳು ಬಂದವು, ಇವರು ಮಾತ್ರ ಅದೇ ಕೋಣೆಯ ಅದೇ ಕುಂಟು ಕುರ್ಚಿಯಲ್ಲಿ ಉಳಿದರು. ಹಾಗಾಗಿ ಒಂಬತ್ತನೇ ತರಗತಿಗೆ ಆನ್‌ಲೈನ್ ಸುರಕ್ಷತೆಯ ಪಾಠಕ್ರಮವೊಂದು ಬೇಕೆಂದು ಮೇಲಿನಿಂದ ಆದೇಶ ಬಂದಾಗ, ಯಾರು ಬರೆಯಬೇಕು ಎಂಬ ಚರ್ಚೆಯೇ ಆಗಲಿಲ್ಲ.

"ನಿಮಗೇನ್ರೀ, ನೀರು ಕುಡಿದಷ್ಟು ಸುಲಭ," ಎಂದರು ಹೆಡ್ ಮಿಸ್. "ಗುರಿ ಬರೀರಿ, ಪ್ರತಿ ಗುರಿಗೂ ಒಂದೊಂದು ಚಟುವಟಿಕೆ ಬರೀರಿ. ಮೊದಲು ನಮ್ಮ ಮಕ್ಕಳ ಮೇಲೇ ಮಾಡಿ ನೋಡಿ."

ನೀರು ಕುಡಿಯುವುದಕ್ಕೂ ಪುರುಸೊತ್ತಿಲ್ಲದ ಮನುಷ್ಯಳಿಗೆ ಹೇಳುವ ಮಾತೇ ಇದು! ಆದರೂ ಮಿಸ್ ಬರೆದರು. ಇಲ್ಲ ಎನ್ನಲು ಬೇಕಾದ ಶಕ್ತಿಗಿಂತ ಹೂಂ ಎಂದು ಮಾಡಿ ಮುಗಿಸುವುದಕ್ಕೆ ಬೇಕಾದ ಶಕ್ತಿ ಕಡಿಮೆ ಎಂದು ಅವರಿಗೆ ಯಾವತ್ತೋ ಗೊತ್ತಾಗಿತ್ತು.

ಚೆನ್ನಾಗಿಯೇ ಬರೆದರು, ಅದರಲ್ಲಿ ಎರಡು ಮಾತಿಲ್ಲ. ಮೊದಲ ಪಾಠಕ್ಕೆ ಕಲ್ಪನೆಯ ಹುಡುಗನೊಬ್ಬನ ಪುಟ. ಅವನ ಫೋಟೋಗಳಲ್ಲಿನ ಸಮವಸ್ತ್ರ, ಬಸ್ ನಿಲ್ದಾಣದ ಬೋರ್ಡು ನೋಡಿ ಅವನು ಎಲ್ಲಿ ಓದುತ್ತಾನೆ, ಎಷ್ಟು ಹೊತ್ತಿಗೆ ಒಬ್ಬನೇ ಇರುತ್ತಾನೆ ಎಂದು ಮಕ್ಕಳೇ ಪತ್ತೆಹಚ್ಚಬೇಕು. ಎರಡನೆಯದು ಪಾಸ್‌ವರ್ಡ್: ಉದ್ದವಾಗಿರಲಿ, ಒಂದೊಂದು ಖಾತೆಗೆ ಒಂದೊಂದಿರಲಿ, ಪ್ರಾಣ ಸ್ನೇಹಿತರಿಗೂ ಕೊಡಬೇಡಿ. ಮೂರನೆಯದು ಮೋಸದ ಸಂದೇಶ. ನಾಲ್ಕನೆಯದು ತೊಂದರೆಯಾದಾಗ ಏನು ಮಾಡಬೇಕು ಎಂಬುದು: ಉತ್ತರ ಕೊಡಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಬ್ಲಾಕ್ ಮಾಡಿ, ಆ್ಯಪ್‌ಗೆ ದೂರು ಕೊಡಿ, ನಂಬುವ ದೊಡ್ಡವರೊಬ್ಬರಿಗೆ ಹೇಳಿ.

ಆ ತರಗತಿಯಲ್ಲಿ ಅವರ ಮಗಳೂ ಇದ್ದಳು. ಮನೆಯಲ್ಲಿ ಅವಳ ಹೆಸರು ಪುಟ್ಟಿ; ಶಾಲೆಯಲ್ಲಿ ಅವಳೂ ಅಮ್ಮನನ್ನು ಎಲ್ಲರಂತೆ ಮಿಸ್ ಎನ್ನುತ್ತಿದ್ದಳು. ಇತ್ತೀಚೆಗೆ ಮನೆಯಲ್ಲೂ ಹೆಚ್ಚು ಮಾತಿರಲಿಲ್ಲ. ಕಿರುಪರೀಕ್ಷೆಯ ಗಣಿತದಲ್ಲಿ ಅವಳು ಮುಗ್ಗರಿಸಿದ ದಿನ ಮಿಸ್ ಅವಳ ಫೋನನ್ನು ಬೀರುವಿನೊಳಗಿಟ್ಟು ಬೀಗ ಹಾಕಿದ್ದರು. ಮನೆಯಲ್ಲಿರುವುದು ಇಬ್ಬರೇ. ಒಬ್ಬಳು ಮುಖ ಊದಿಸಿದರೆ ಮನೆಯೇ ಊದಿಕೊಂಡಂತೆ. ವಯಸ್ಸು ಎಂದುಕೊಂಡು ಮಿಸ್ ಸುಮ್ಮನಾಗಿದ್ದರು. ಸಂಜೆ ಮನೆ ಸೇರುವ ಹೊತ್ತಿಗೆ ಅವರಲ್ಲಿ ಮಾತಾಡಿಸುವಷ್ಟು ಉಸಿರೂ ಉಳಿದಿರುತ್ತಿರಲಿಲ್ಲ.

ಮೂರನೇ ಪಾಠದ ದಿನ ಮಿಸ್ ಹುರುಪಿನಿಂದ ತಮ್ಮದೇ ಉದಾಹರಣೆ ಕೊಟ್ಟರು. "ನನಗೇ ಈ ವಾರ ಮೂರ್ನಾಲ್ಕು ಸಲ ಒಂದು ಆ್ಯಪ್‌ನಿಂದ ಪಾಸ್‌ವರ್ಡ್ ಬದಲಾಯಿಸೋ ಕೋಡ್ ಬಂತು, ಅದೂ ಇದೇ ಲ್ಯಾಬ್‌ನಲ್ಲಿ ಕೂತಿದ್ದಾಗ. ಆ ಆ್ಯಪ್‌ನಲ್ಲಿ ನನಗೆ ಖಾತೇನೇ ಇಲ್ಲ. ಅಂದ್ಮೇಲೆ ಏನು? ಯಾವನೋ ಗಾಳ ಹಾಕ್ತಿದಾನೆ ಅಂತ. ಕೇಳದೆ ಬಂದ ಕೋಡ್‌ನ ಯಾರಿಗೂ ಹೇಳಬಾರದು. ನಾನಂತೂ ಬಂದಿದ್ದನ್ನ ಬಂದ ಹಾಗೇ ಅಳಿಸಿಹಾಕ್ದೆ."

ಮಕ್ಕಳು ಚಪ್ಪಾಳೆ ತಟ್ಟಿದರು. ಮೂಲೆಯ ಕಂಪ್ಯೂಟರಿನ ಮುಂದೆ ಪುಟ್ಟಿ ತಲೆ ತಗ್ಗಿಸಿ ಕೂತಿದ್ದಳು. ಬೋರ್ ಆಗಿರಬೇಕು ಎಂದುಕೊಂಡರು ಮಿಸ್.

ನಾಲ್ಕನೇ ಪಾಠದ ಚಟುವಟಿಕೆ ಒಂದು ಪುಟ್ಟ ನಾಟಕ. ಒಬ್ಬರು ಮಗು, ಒಬ್ಬರು ಅಪ್ಪನೋ ಅಮ್ಮನೋ. ಮಗು ತನ್ನ ತೊಂದರೆ ಹೇಳಬೇಕು, ದೊಡ್ಡವರು ಕೇಳಬೇಕು. ಕಾಗದದ ಮೇಲೆ ಮುದ್ದಾಗಿತ್ತು. ತರಗತಿಯಲ್ಲಿ ನೋಡಿದರೆ ಅಪ್ಪಂದಿರೆಲ್ಲ ಬೆಲ್ಟಿಗೆ ಕೈಹಾಕುವವರೇ, ಅಮ್ಮಂದಿರೆಲ್ಲ ಹಣೆ ಚಚ್ಚಿಕೊಳ್ಳುವವರೇ! ನಗುವೋ ನಗು. ಪುಟ್ಟಿಯ ಸರದಿ ಬಂತು. ಅವಳಿಗೆ ಅಮ್ಮನ ಪಾತ್ರ. ಮಗುವಾದವನು ತರಗತಿಯ ಲಂಬು.

"ಅಮ್ಮಾ, ನನ್ನ ಅಕೌಂಟಿಗೆ ಯಾರೋ ನುಗ್ಗಿದಾರಮ್ಮಾ," ಎಂದ ಲಂಬು, ಅಳುವ ದನಿ ತೆಗೆದು.

ಪುಟ್ಟಿ ಇಲ್ಲದ ಕನ್ನಡಕವನ್ನು ಹಣೆಯ ಮೇಲಕ್ಕೇರಿಸಿದಳು. ಮುಖ ಎತ್ತಲಿಲ್ಲ. ಅಂಗೈ ಮಾತ್ರ ಮುಂದಕ್ಕೆ ಚಾಚಿದಳು. "ಫೋನ್ ತಾ ಇಲ್ಲಿ. ಮಾತು ಆಮೇಲೆ."

ಇಡೀ ಕೋಣೆ ಹೋ ಎಂದಿತು. ಆ ಕನ್ನಡಕ, ಆ ಅಂಗೈ ಯಾರದೆಂದು ಗೊತ್ತಿಲ್ಲದವರು ಅಲ್ಲಿ ಯಾರಿದ್ದರು? ಮಿಸ್ ಕೂಡ ನಕ್ಕರು, ನಗಲೇಬೇಕಿತ್ತು. ಆದರೆ ಮಗಳು ನಗುತ್ತಿರಲಿಲ್ಲ ಎಂಬುದು ಅವರ ಕಣ್ಣಿಗೆ ಬಿತ್ತು. ಅಂಗೈ ಇನ್ನೂ ಚಾಚಿಯೇ ಇತ್ತು.

ಸಂಜೆ ಬಸ್ಸಿನಲ್ಲಿ ಇಬ್ಬರೂ ಕಂಬಿ ಹಿಡಿದು ನಿಂತು ಬಂದರು. ಆ ಅಂಗೈ ಮಿಸ್ ಮನಸ್ಸಿನಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು. ಮನೆಗೆ ಬಂದವರೇ ಚಪ್ಪಲಿಯನ್ನೂ ಬಿಡದೆ ಕೇಳಿದರು, "ಪುಟ್ಟಿ, ಆ ಲಂಬು ಹೇಳಿದ್ನಲ್ಲ ಅಕೌಂಟಿನ ಕಥೆ. ಅದು ನಿಂದೇನೇ?"

ಪುಟ್ಟಿ ಚೀಲ ಇಳಿಸಿದಳು. ಆಮೇಲೆ ಕಟ್ಟೆ ಒಡೆದ ಹಾಗೆ ಎಲ್ಲ ಬಂತು. ಫೋನ್ ಬೀರು ಸೇರಿದ ದಿನ ಅವಳು ಗೆಳತಿಗೆ ಪಾಸ್‌ವರ್ಡ್ ಕೊಟ್ಟಿದ್ದಳು. ಆ ಆ್ಯಪ್‌ನಲ್ಲಿ ಸ್ನೇಹಿತರಿಗೆ ದಿನಾ ಒಂದು ಚಿತ್ರ ಕಳಿಸದಿದ್ದರೆ ಸ್ಟ್ರೀಕ್, ಅಂದರೆ ಬಿಡದೆ ಕಳಿಸಿದ ದಿನಗಳ ಲೆಕ್ಕ, ತುಂಡಾಗುತ್ತದೆ. ಮನೆಯವರು ಫೋನ್ ಕಿತ್ತುಕೊಂಡಾಗಲೆಲ್ಲ ಮಕ್ಕಳು ಒಬ್ಬರ ಪರವಾಗಿ ಇನ್ನೊಬ್ಬರು ಕಳಿಸುವುದು ವಾಡಿಕೆ, ತರಗತಿಯಲ್ಲಿ ಅರ್ಧಕ್ಕರ್ಧ ಮಂದಿ ಹಾಗೇ. ಆಮೇಲೆ ಗೆಳತಿಯ ಜೊತೆ ಜಗಳವಾಯಿತು. ಅವಳು ಪಾಸ್‌ವರ್ಡ್ ಬದಲಾಯಿಸಿ, ಪುಟ್ಟಿಯ ಹೆಸರಿನಲ್ಲಿ ಯಾರ್ಯಾರಿಗೋ ಕೊಳಕು ಮಾತು ಕಳಿಸತೊಡಗಿದಳು. ಈಗ ಊಟದ ಬಿಡುವಿನಲ್ಲಿ ಪುಟ್ಟಿಯ ಪಕ್ಕ ಯಾರೂ ಕೂರುವುದಿಲ್ಲ.

ಮಿಸ್‌ಗೆ ರೇಗಿತು. ಪಾಸ್‌ವರ್ಡ್ ಪಾಠ ಹೇಳಿಕೊಡುವವಳ ಮಗಳೇ! ಎಷ್ಟೋ ವರ್ಷದ ಅಭ್ಯಾಸ. ಕೈ ತಾನಾಗಿಯೇ ಮುಂದಕ್ಕೆ ಹೋಯಿತು. ಹೋಗಿ ಗಾಳಿಯಲ್ಲೇ ನಿಂತಿತು. ಕಿತ್ತುಕೊಳ್ಳಲು ಅವಳ ಹತ್ತಿರ ಏನೂ ಉಳಿದಿರಲಿಲ್ಲ.

ಆ ಕೈಯಿಂದಲೇ ಅವರು ಬೀರುವಿನ ಬೀಗ ತೆಗೆದರು. ಫೋನನ್ನು ಚಾರ್ಜಿಗೆ ಹಾಕಿ ಮಗಳ ಮುಂದಿಟ್ಟರು.

"ಬೈಯಲ್ವಾ?"

"ಬೈತೀನಿ. ಬೈಗುಳ ಎಲ್ಲಿಗೂ ಓಡಿಹೋಗಲ್ಲ. ಮೊದ್ಲು ಅವಳು ಕಳಿಸಿರೋದರ ಸ್ಕ್ರೀನ್‌ಶಾಟ್ ಯಾರ ಹತ್ರ ಇದೆ ಕೇಳಿ ತರಿಸ್ಕೋ. ಆಮೇಲೆ 'ಪಾಸ್‌ವರ್ಡ್ ಮರೆತಿದ್ದೀರಾ' ಒತ್ತು."

ಲಂಬು ಎರಡು ಸ್ಕ್ರೀನ್‌ಶಾಟ್ ಕಳಿಸಿದ. ಮಿಸ್ ಓದಿದರು. ಪುಟ್ಟಿ ಒತ್ತಿದಳು. ಮಿಸ್ ಚೀಲದೊಳಗೆ ಅವರ ಫೋನು ಟಿಣ್ ಎಂದಿತು. ತೆಗೆದು ನೋಡಿದರು. ಅದೇ ಆ್ಯಪ್, ಅದೇ ಬಗೆಯ ಕೋಡ್. ಖಾತೆ ತೆರೆದ ದಿನ ಪುಟ್ಟಿಗೆ ಸ್ವಂತ ನಂಬರ್ ಇರಲಿಲ್ಲ, ಮಿಸ್ ತಮ್ಮ ನಂಬರನ್ನೇ ಕೊಟ್ಟಿದ್ದರು. ಕೊಟ್ಟವರೇ ಮರೆತಿದ್ದರು.

ಮಿಸ್ ಒಂದೊಂದೇ ಅಂಕಿ ಓದಿ ಹೇಳಿದರು. ಹೊಸ ಪಾಸ್‌ವರ್ಡ್ ಇಟ್ಟದ್ದಾಯಿತು, ಬೇರೆಲ್ಲ ಫೋನುಗಳಿಂದ ಲಾಗ್ಔಟ್ ಮಾಡಿದ್ದಾಯಿತು, ಎರಡು ಹಂತದ ಬೀಗವನ್ನೂ ಹಾಕಿದ್ದಾಯಿತು. ಖಾತೆ ವಾಪಸ್ ಬಂತು. ಓದಿದವರ ಮನಸ್ಸಿನಿಂದ ಆ ಮಾತುಗಳನ್ನು ಅಳಿಸುವ ಗುಂಡಿ ಮಾತ್ರ ಯಾವ ಆ್ಯಪ್‌ನಲ್ಲೂ ಇಲ್ಲ. ನಾಳೆ ಹೆಡ್ ಮಿಸ್ ಹತ್ತಿರ ಹೋಗಬೇಕು, ಆ ಹುಡುಗಿಯ ಮನೆಯವರನ್ನು ಕರೆಸಬೇಕು. ನೆನೆದೇ ಮಿಸ್‌ಗೆ ಸುಸ್ತಾಯಿತು. ಅಲ್ಲೇ ನೆಲದ ಮೇಲೆ ಕೂತರು.

"ಇಷ್ಟು ದಿನ ಒಬ್ಬಳೇ ಇಟ್ಕೊಂಡಿದ್ಯಲ್ಲೇ. ಒಂದು ಮಾತು ಹೇಳೋಕೆ ಏನಾಗಿತ್ತು?"

ಪುಟ್ಟಿ ಪಕ್ಕದಲ್ಲಿ ಕೂತಳು. "ಲ್ಯಾಬ್ ಕಂಪ್ಯೂಟರ್‌ನಲ್ಲಿ 'ಪಾಸ್‌ವರ್ಡ್ ಮರೆತಿದ್ದೀರಾ' ಅಂತ ನಾನೇ ಒತ್ತುತ್ತಿದ್ದೆ ಅಮ್ಮ. ಪ್ರತಿಸಲ ನಿನ್ನ ಫೋನ್ ಟಿಣ್ ಅನ್ನೋದು ಕೇಳಿಸ್ತಿತ್ತು. ಇದು ಯಾವ ಖಾತೆ, ಯಾರು ಒತ್ತಿದ್ದು ಅಂತ ಈ ಸಲ ಕೇಳ್ತೀಯೇನೋ ಅಂತ ನಿನ್ನೇ ನೋಡ್ತಾ ಕೂತಿರ್ತಿದ್ದೆ."

ಮಿಸ್ ಫೋನು ಕೆಳಗಿಟ್ಟು ಮಗಳ ಕಡೆ ತಿರುಗಿದರು. ಬೈಗುಳ ಒಂದೂ ನೆನಪಿಗೆ ಬರಲಿಲ್ಲ.