ಎಲೆತೊಟ್ಟಿನ ಚನ್ನಕ್ಕ

ಕಾಡುಗೋಡಿಯ ನಮ್ಮ ವಠಾರದಲ್ಲಿ ಯಾವ ಮನೆಯ ಕೂಸು ಅತ್ತರೂ ಮೊದಲು ಕೂಗುತ್ತಿದ್ದುದು ಚನ್ನಕ್ಕನನ್ನು. ವಠಾರದ ಯಜಮಾನಿ ನಾನು, ಶ್ಯಾಮಲಾ. ನನ್ನನ್ನು ಕರೆಯುವುದು ನೀರು ಬರದಿದ್ದಾಗ ಮಾತ್ರ, ಅದೂ ಬೈಯುವುದಕ್ಕೆ. ನಾನೂ ಏನು ಕಮ್ಮಿ ಬೈಯುವವಳಲ್ಲ ಬಿಡಿ.

ಚನ್ನಕ್ಕ ಶಹಾಪುರದ ಕಡೆಯವಳು. ಅವಳ ಗಂಡ ನೀಲಪ್ಪ ಗಾರೆ ಕೆಲಸದವನು. ಬ್ರೂಕ್‌ಫೀಲ್ಡ್‌ನಲ್ಲಿ ಅಪಾರ್ಟ್‌ಮೆಂಟ್ ಕಟ್ಟುವಾಗ ಸಾರುವೆಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡ. ಎದೆಯಿಂದ ಕೆಳಗೆ ಚಿವುಟಿದರೂ ಗೊತ್ತಾಗುವುದಿಲ್ಲ. ಅಂಥ ಗಂಡನನ್ನು ಅವಳು ಇಷ್ಟು ವರ್ಷ ಮೈಗೊಂದು ಹುಣ್ಣಾಗದಂತೆ ನೋಡಿಕೊಂಡಿದ್ದಾಳೆ. ಬೆಳಿಗ್ಗೆ ತಿಂಡಿಯಾದ ಮೇಲೆ ಕೈಗೆ ಗ್ಲೌಸ್ ಹಾಕಿ, ಬೆರಳಿಗೆ ಎಣ್ಣೆ ಸವರಿಕೊಂಡು ಗುದದ ಒಳಗೆ ಮೆಲ್ಲಗೆ ತಿರುಗಿಸುತ್ತಾಳೆ. ಸ್ವಲ್ಪ ಹೊತ್ತಿಗೆ ಅವನ ಹೊಟ್ಟೆ ತಾನಾಗಿಯೇ ಖಾಲಿಯಾಗುತ್ತದೆ. ಆಸ್ಪತ್ರೆಯ ನರ್ಸು ಕಲಿಸಿಕೊಟ್ಟ ಕೆಲಸ ಅದು. ನಾಚಿಕೆ ಗೀಚಿಕೆ ಏನಿಲ್ಲ. ಕೆಲಸ ಮುಗಿದ ಮೇಲೆ ಅವನ ಹೊಟ್ಟೆಗೆ ಕಿವಿ ಇಟ್ಟು, "ಕಾಲು ಮಲಗ್ಯಾವ, ಹೊಟ್ಟಿ ಮಲಗಿಲ್ಲ. ಹ್ಯಾಂಗ ಗುರುಗುರು ಅಂತದ ಕೇಳ್ರಿ" ಎಂದು ನಗುತ್ತಿದ್ದಳು. ಅವನೂ ನಗುತ್ತಿದ್ದ.

ಅದೇ ಕೈಯಲ್ಲಿ, ಚೆನ್ನಾಗಿ ತೊಳೆದುಕೊಂಡು, ವಠಾರದ ಕೂಸುಗಳಿಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದಳು. ಕೂಸು ಹೊಟ್ಟೆ ಕಟ್ಟಿಕೊಂಡು ಅತ್ತರೆ ಅವಳ ಮದ್ದು ಒಂದೇ. ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಕೂಸಿನ ಹಿಂದೆ ಒಂಚೂರು ತೂರಿಸುವುದು. ಪುರ್ರೆಂದು ಆಗಿಬಿಡುತ್ತಿತ್ತು. ಅಮ್ಮಂದಿರಿಗೆ ಹೋದ ಜೀವ ಬಂದ ಹಾಗಾಗುತ್ತಿತ್ತು.

ಹೀಗಿರುವಾಗ ಮೂಲೆಮನೆಯ ನೀಲಾಂಬಿಕಾಗೆ ಚೊಚ್ಚಲ ಗಂಡುಕೂಸು ಹುಟ್ಟಿತು. ಗಂಡ ರೇವಣಸಿದ್ದ ಫ್ಯಾಕ್ಟರಿ ಕೆಲಸದವನು. ಇಬ್ಬರಿಗೂ ಇಲ್ಲಿ ಹಿರಿಯರು ಅಂತ ಯಾರೂ ಇಲ್ಲ. ಚನ್ನಕ್ಕನನ್ನೇ ದೊಡ್ಡವ್ವ ಎನ್ನುತ್ತಿದ್ದರು. ಹೆರಿಗೆ ಆಸ್ಪತ್ರೆಯಲ್ಲಿ ನರ್ಸು, ಕೂಸು ಮೊದಲ ಕಪ್ಪು ಮಲ ಮಾಡುವ ತನಕ ಮನೆಗೆ ಕಳಿಸುವುದಿಲ್ಲ ಎಂದಿದ್ದಳು. ಒಂದು ದಿನ ಹೋಯಿತು, ಇನ್ನೊಂದೂ ಹೋಯಿತು, ಕೂಸು ಮಾಡಲಿಲ್ಲ. ನೀಲಾಂಬಿಕಾ ಮನೆಗೆ ಹೋಗಬೇಕೆಂದು ಅಳುತ್ತಿದ್ದಳು. ಚನ್ನಕ್ಕ ಸೊಂಟದ ಚೀಲದಿಂದ ಎಲೆ ತೆಗೆದು, ತೊಟ್ಟು ಮುರಿದು, ನೀಲಾಂಬಿಕಾ ನಿದ್ದೆಹೋಗಿ ನರ್ಸು ಆ ಕಡೆ ಹೋದಾಗ ಕೆಲಸ ಮುಗಿಸಿಯೇಬಿಟ್ಟಳು. ನರ್ಸು ಬಂದು "ಆಯ್ತಾ?" ಎಂದರೆ "ಆತ್ರಿ ಮೇಡಂ, ಭಾಳ ಆತು" ಎಂದಳು. ತೊಟ್ಟಿನ ಮಾತು ಎತ್ತಲಿಲ್ಲ, ನಮಗೂ ಅದು ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಸಂಜೆಗೆ ಎಲ್ಲರೂ ಮನೆಗೆ ಬಂದರು. ನಾನೂ ದೃಷ್ಟಿ ತೆಗೆದೆ.

ಆ ಕೂಸು ತೊಟ್ಟು ಇಡದೆ ಒಂದು ದಿನವೂ ಮಾಡಲಿಲ್ಲ. ತೊಟ್ಟು ಇಟ್ಟರೆ ಸಾಕು, ಗಾಳಿಯ ಸಮೇತ ಗೋಡೆಗೆ ಚಿಮ್ಮುವ ಹಾಗೆ ಬರುತ್ತಿತ್ತು. ಹೆಂಗಸರೆಲ್ಲ ಚನ್ನಕ್ಕನ ಕೈಗುಣ ಎಂದು ಹೊಗಳಿದರು. ನನಗೆ ಮಾತ್ರ ಕೂಸಿನ ಸಣ್ಣ ಕಾಲು, ಉಬ್ಬಿದ ಹೊಟ್ಟೆ ನೋಡಿ ಹಿಡಿಸಲಿಲ್ಲ.

"ಒಂದ್ಸಲ ಡಾಕ್ಟ್ರಿಗೆ ತೋರಿಸ್ಬಾರ್ದಾ ಚನ್ನಕ್ಕ? ಇದೇನು ದಿನಾ ಇದೇ ಗೋಳು?" ಎಂದೆ.

"ನಮ್ಮ ಯಜಮಾನ್ರಿಗೂ ದಿನಾ ಹಿಂಗ ಅಲ್ಲೇನ್ರಿ ಅಕ್ಕಾರ? ಇಷ್ಟ್ ವರ್ಷ ಆತು, ಏನಾಗ್ಯಾದ? ಹಾದಿ ತೋರಿಸಿದ್ರ ಹೊಟ್ಟಿ ತಾನ ನಡೀತದ" ಎಂದಳು.

ಇಷ್ಟು ಗಟ್ಟಿಯಾಗಿ ಹೇಳುವವಳ ಮುಂದೆ ಏನು ವಾದ ಮಾಡುವುದು? ನನ್ನ ಕೆಲಸಕ್ಕೆ ಹೋದೆ.

ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಕೊಡಗಳ ಜಗಳ ಬಿಡಿಸುತ್ತಿದ್ದೆ. ಮೂಲೆಮನೆಯಿಂದ ನೀಲಾಂಬಿಕಾ ಚೀರಿದ್ದು ಕೇಳಿಸಿತು. ಓಡಿದೆ. ಕೂಸಿನ ಹೊಟ್ಟೆ ತಮಟೆಯಂತೆ ಬಿಗಿದುಕೊಂಡು ಹೊಳೆಯುತ್ತಿತ್ತು. ಬಾಯಿಂದ ಹಸಿರು ವಾಂತಿ. ಮೈ ಕಾದ ಹೆಂಚು. ಚನ್ನಕ್ಕ ತೊಟ್ಟು ಇಟ್ಟಳು. ನೀರಿನಂಥ ಮಲ ಚಿಮ್ಮಿತು, ಕೊಳೆತ ನಾತ ಮನೆಯೆಲ್ಲ ತುಂಬಿತು. ಕೂಸು ಅಳಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ಅಷ್ಟು ನೋವಿನಲ್ಲಿರುವ ಕೂಸು ಅಳದೆ ಸುಮ್ಮನೆ ಕಣ್ಣು ಮೇಲೆ ಮಾಡಿತ್ತು.

"ಬಿಡೇ ಆ ಎಲೆ! ಆಟೋ ಕರೀರೋ ಯಾರಾದ್ರೂ!" ಎಂದು ಕಿರುಚಿದೆ.

ಹತ್ತಿರದ ಕ್ಲಿನಿಕ್ಕಿನವರು ನೋಡಿದ ತಕ್ಷಣ ಊರೊಳಗಿನ ಮಕ್ಕಳ ಆಸ್ಪತ್ರೆಗೆ ಓಡಿ ಎಂದರು. ದಾರಿಯುದ್ದಕ್ಕೂ ಸಿಗ್ನಲ್ಲು. ನೀಲಾಂಬಿಕಾ ಕೂಸಿನ ಮೂಗಿಗೆ ಕೈ ಹಿಡಿದು ಉಸಿರು ನೋಡುತ್ತಿದ್ದಳು. ಚನ್ನಕ್ಕ ಪಕ್ಕದಲ್ಲಿ ಕೂಸಿನ ಕಾಲು ಹಿಡಿದು ಕೂತಿದ್ದಳು.

ಅಲ್ಲಿ ಮಕ್ಕಳ ಸರ್ಜನ್ ಡಾಕ್ಟರ್ ಸ್ಫೂರ್ತಿ. ಚಿಕ್ಕ ವಯಸ್ಸಿನವಳು, ಮಾತು ಚುರುಕು. ಹಾಲು ನಿಲ್ಲಿಸಿ, ಡ್ರಿಪ್ ಹಾಕಿ, ಇಂಜೆಕ್ಷನ್ ಕೊಟ್ಟು, ತೆಳು ಟ್ಯೂಬಿನಲ್ಲಿ ಉಪ್ಪುನೀರು ಬಿಟ್ಟು ಕೂಸಿನ ಕರುಳು ತೊಳೆದರು. ಆಮೇಲೆ ಈಚೆ ಬಂದು ಕೇಳಿದಳು: "ಹುಟ್ಟಿದಾಗ ಮೊದಲನೇ ಮಲ ತಾನಾಗೇ ಮಾಡ್ತಾ?"

ನೀಲಾಂಬಿಕಾ ಹೂಂ ಎಂದಳು. ಪಾಪ, ಅವಳಿಗೆ ಅಷ್ಟೇ ಗೊತ್ತಿದ್ದುದು.

"ಇಲ್ರೀ. ನಾ ಮಾಡಿಸಿದ್ದು. ತೊಟ್ಟು ಇಟ್ಟು" ಎಂದಳು ಚನ್ನಕ್ಕ. ಅವಳ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

ಗುದದ ಒಳಗಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಹೇಳಿದಳು: "ಕರುಳಿನ ಗೋಡೆಯೊಳಗೇ ನರಗಳ ಒಂದು ಬಲೆ ಇರುತ್ತೆ. ಊಟ ಬಂದು ಗೋಡೆ ಹಿಗ್ಗಿದ್ರೆ ಆ ನರಗಳಿಗೇ ಗೊತ್ತಾಗುತ್ತೆ. ಹಿಂದಿನ ಭಾಗ ಬಿಗಿಯುತ್ತೆ, ಮುಂದಿನ ಭಾಗ ಸಡಿಲ ಆಗುತ್ತೆ, ಊಟ ಮುಂದಕ್ಕೆ ಹೋಗುತ್ತೆ. ಮೆದುಳು ಅದನ್ನ ಜೋರು ಮಾಡ್ಬಹುದು, ನಿಧಾನ ಮಾಡ್ಬಹುದು, ಅಷ್ಟೇ. ಅಪ್ಪಣೆ ಕೊಡ್ಲೇಬೇಕು ಅಂತೇನಿಲ್ಲ. ಆಪರೇಷನ್‌ನಲ್ಲಿ ಕತ್ತರಿಸಿ ಹೊರಗಿಟ್ಟ ಕರುಳು ಕೂಡ ಸ್ವಲ್ಪ ಹೊತ್ತು ಹೊರಳಾಡ್ತಿರುತ್ತೆ."

ಡಾಕ್ಟರು ನೀಲಾಂಬಿಕಾ ಕಡೆ ತಿರುಗಿದಳು.

"ಈ ನರಗಳು ಕೂಸು ಹೊಟ್ಟೇಲಿದ್ದಾಗ ಮೇಲಿಂದ ಕೆಳಗೆ ಇಳಿದು ಬರ್ತವೆ. ಇವನಿಗೆ ದಾರಿಯಲ್ಲೇ ನಿಂತುಹೋಗಿವೆ. ಕೊನೇ ಭಾಗದಲ್ಲಿ ಇಲ್ವೇ ಇಲ್ಲ. ಆ ಭಾಗ ಸಡಿಲ ಆಗೋದೇ ಇಲ್ಲ, ಮುಷ್ಟಿ ಹಿಡಿದ ಹಾಗೇ ಇರುತ್ತೆ. ಮೇಲಿನದೆಲ್ಲ ಅಲ್ಲಿ ಬಂದು ತುಂಬ್ಕೊಂಡು, ಕೊಳೆತು, ನಂಜಾಗಿದೆ."

"ಹಂಗಾರ ನಮ್ಮ ಯಜಮಾನ್ರು?" ಚನ್ನಕ್ಕ ತಡೆಯಲಾರದೆ ಕೇಳಿದಳು. "ಅವರಿಗೆ ಬೆನ್ನಾಗ ನರಾನ ಕತ್ತರಿಸ್ಯಾವ್ರಿ. ಅವರಿಗೆ ನಡೀತದಲ್ರೀ?"

"ನಡಿಯುತ್ತೆ ಅಮ್ಮ. ಅವರಿಗೆ ಹೋಗಿರೋದು ಬೆನ್ನಿನ ನರ. ಕರುಳಿನ ಗೋಡೆಯ ನರ ಪೂರ್ತಿ ಇದೆ. ಸ್ವಲ್ಪ ನಿಧಾನವಾದ್ರೂ ಒಳಗಿನ ಕೆಲಸ ಅದು ಮಾಡ್ಕೊಳ್ಳುತ್ತೆ, ಕೊನೇ ಬಾಗಿಲು ತೆಗೆಯೋಕೆ ಮಾತ್ರ ನಿಮ್ಮ ಕೈ ಬೇಕು. ಈ ಕೂಸಿಗೆ ಉಲ್ಟಾ. ಮೆದುಳು, ಬೆನ್ನು ಎಲ್ಲ ಸರಿಯಿದೆ, ಅಲ್ಲಿ ಕರುಳಿನ ನರಾನೇ ಇಲ್ಲ. ಅದರ ಕೆಲಸ ಮೆದುಳು ಮಾಡೋಕಾಗಲ್ಲ. ನೀವು ತೊಟ್ಟು ಇಟ್ಟಾಗ ಆ ಬಿಗಿ ಒಂದು ಗಳಿಗೆ ಬಿಡ್ತಿತ್ತು, ತುಂಬಿದ್ದು ಚಿಮ್ಮುತ್ತಿತ್ತು. ಕಾಯಿಲೆ ನೀವು ತಂದಿದ್ದಲ್ಲ. ಆದ್ರೆ ತೊಟ್ಟು ಇಟ್ಟಿದ್ರಿಂದ ಅದು ಹೆರಿಗೆ ಆಸ್ಪತ್ರೆಯವರ ಕಣ್ಣಿಗೆ ಬೀಳದೇ ಹೋಯ್ತು."

ನೀಲಾಂಬಿಕಾ ಚನ್ನಕ್ಕನ ಕಡೆ ತಿರುಗಿದಳು. "ದೊಡ್ಡವ್ವಾ, ಇನ್ನ ನನ್ನ ಕೂಸಿನ್ನ ಮುಟ್ಟಬ್ಯಾಡ" ಎಂದಳು. ಕೂಗಲಿಲ್ಲ. ಕೂಗಿದ್ದರೆ ಚನ್ನಕ್ಕ ತಡೆದುಕೊಳ್ಳುತ್ತಿದ್ದಳೇನೋ.

ಅಂದಿನಿಂದ ಅವಳು ಯಾವ ಮನೆಯ ಕೂಸನ್ನೂ ಎರೆಯಲಿಲ್ಲ. ಕರೆದರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಗಂಡನ ಬೆಳಗಿನ ಕೆಲಸಕ್ಕೂ ಗ್ಲೌಸ್ ಮುಟ್ಟದಾದಳು. ನೀಲಪ್ಪನೇ ನನ್ನನ್ನು ಕಿಟಕಿಯಿಂದ ಕರೆದು, "ಅಕ್ಕಾರ, ಇಕೀಗೆ ಒಂಚೂರು ಹೇಳ್ರಿ, ನಾ ಒಡದ್ ಸಾಯ್ತೀನಿ" ಎಂದ. ನಾನು ಹೋಗಿ, "ಅಯ್ಯೋ ಮಾರಾಯ್ತಿ, ಇವರಿಗೆ ಮಾಡು ಅಂತ ಡಾಕ್ಟ್ರೇ ಹೇಳಲಿಲ್ವಾ? ಇದನ್ನೂ ಬಿಟ್ರೆ ಇವರ ಜೀವಕ್ಕೇ ಬರುತ್ತೆ" ಎಂದು ಗದರಿದೆ. ಅಳುತ್ತಲೇ ಗ್ಲೌಸ್ ಹಾಕಿಕೊಂಡಳು.

ಕೂಸಿನ ನಂಜು ಇಳಿದು ಮೈ ಸ್ವಲ್ಪ ತುಂಬಿದ ಮೇಲೆ ಆಪರೇಷನ್ನಿನ ದಿನ ಬಂತು. ನರವಿಲ್ಲದ ಭಾಗ ತೆಗೆದು, ನರ ಇರುವ ಕರುಳನ್ನು ಕೆಳಕ್ಕೆ ಎಳೆದು ಕೂಡಿಸುವುದು. ಎಲ್ಲಿಂದ ನರ ಶುರುವಾಗುತ್ತದೆಂದು ಕಣ್ಣಿಗೆ ಕಾಣುವುದಿಲ್ಲವಂತೆ. ಚೂರು ಚೂರು ತೆಗೆದು ಲ್ಯಾಬಿಗೆ ಕಳಿಸಿ, ಅವರು ಹೂಂ ಎನ್ನುವವರೆಗೆ ಮೇಲಕ್ಕೆ ಹುಡುಕಬೇಕು. ಚನ್ನಕ್ಕನೂ ಬಂದಿದ್ದಳು. ನಮ್ಮಿಂದ ದೂರ, ಲಿಫ್ಟಿನ ಪಕ್ಕ ಕೂತಿದ್ದಳು.

ನರ್ಸು ಹೊರಗೆ ಬಂದು, "ಮೊದಲನೇ ಚೂರಲ್ಲಿ ನರ ಸಿಗಲಿಲ್ಲ, ಮೇಲೆ ನೋಡ್ತಿದ್ದಾರೆ" ಎಂದು ಒಳಗೆ ಹೋದಳು. ಎಷ್ಟೋ ಹೊತ್ತಿನ ಮೇಲೆ ಮತ್ತೆ ಬಂದು, "ಎರಡನೇದ್ರಲ್ಲೂ ಇಲ್ಲ" ಎಂದಳು. ರೇವಣಸಿದ್ದ ಗೋಡೆಗೆ ತಲೆ ಆನಿಸಿದ.

"ಪೂರಾ ಇಲ್ಲಾಂದ್ರ?" ಲಿಫ್ಟಿನ ಪಕ್ಕದಿಂದ ಚನ್ನಕ್ಕ ಕೇಳಿದಳು.

ನನಗೂ ಅದೇ ಭಯವಿತ್ತು. ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತೆ. ಮೂರನೇ ಸಲ ಬಾಗಿಲು ತೆರೆದಾಗ ನೋಡಲು ಧೈರ್ಯವಾಗದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. "ಸಿಕ್ತು" ಎಂದಳು ನರ್ಸು.

ಅಲ್ಲಿಗೂ ಹೆದರಿಕೆ ಮುಗಿಯಲಿಲ್ಲ. ಕೂಡಿಸಿದ ಕರುಳು ನಡೆಯಬೇಕಲ್ಲ! ಡಾಕ್ಟರು ಎಲ್ಲರೆದುರು ಹೇಳಿಬಿಟ್ಟಿದ್ದಳು: "ಹೊಲಿಗೆ ಹಸಿ ಇದೆ. ಥರ್ಮಾಮೀಟರ್ ಕೂಡ ಹಿಂದೆ ಹಾಕಂಗಿಲ್ಲ. ಅದಾಗೇ ಆಗ್ಬೇಕು." ಮರುದಿನ ಆಗಲಿಲ್ಲ. ಅದರ ಮರುದಿನ ಮಧ್ಯಾಹ್ನ ಹೊಟ್ಟೆ ಕೊಂಚ ಉಬ್ಬಿದಂತೆ ಕಂಡಿತು. ಕೂಸು ಮುಲುಗುತ್ತ ಕಾಲು ಮಡಿಸುತ್ತಿತ್ತು. ನೀಲಾಂಬಿಕಾ ಊಟ ನಿದ್ದೆ ಬಿಟ್ಟು ಬಾಡಿಹೋಗಿದ್ದಳು. ಬಾಗಿಲಲ್ಲಿ ನಿಂತಿದ್ದ ಚನ್ನಕ್ಕನನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ದೊಡ್ಡವ್ವಾ, ಕಿವಿ ಇಟ್ಟು ಕೇಳು. ದೊಡ್ಡಪ್ಪಗ ಕೇಳ್ತಿಯಲ್ಲ, ಹಂಗ. ಏನರ ಅಂತದೇನು?"

ಚನ್ನಕ್ಕ ಹತ್ತಿರ ಬಂದಳು. ಎರಡು ಕೈಯನ್ನೂ ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡು, ಬಗ್ಗಿ, ಡ್ರೆಸ್ಸಿಂಗಿಗೆ ತಾಗದಂತೆ ಪಕ್ಕದಲ್ಲಿ ಕಿವಿ ಇಟ್ಟಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳ ಹುಬ್ಬು ಮೆಲ್ಲಗೆ ಮೇಲೇರಿತು.

"ಗುರುಗುರು ಅಂತದ..." ಎಂದಳು.

ಅಷ್ಟರಲ್ಲೇ ಸದ್ದಾಯಿತು. ಕೂಸಿನ ಕೆಳಗಿನ ಬಿಳಿ ಬಟ್ಟೆ ಹಳದಿಯಾಗಿ ಒದ್ದೆಯಾಯಿತು. ಚಿಮ್ಮಲಿಲ್ಲ, ಗೋಡೆಗೆ ಹಾರಲಿಲ್ಲ. ಎಲ್ಲರ ಮನೆಯ ಕೂಸುಗಳ ಹಾಗೆ ಆಯಿತು.

ಚನ್ನಕ್ಕ ಬೆಚ್ಚಿಬಿದ್ದು ಹಿಂದಕ್ಕೆ ಸರಿದಳು. ಬೆನ್ನ ಹಿಂದಿದ್ದ ಎರಡು ಕೈಯನ್ನೂ ಮೇಲೆತ್ತಿ ನಮಗೆಲ್ಲ ತೋರಿಸಿದಳು.

"ನಾ ಮುಟ್ಟಿಲ್ಲವ್ವಾ! ನೋಡ್ರಿ, ನಾ ಮುಟ್ಟೇ ಇಲ್ಲ!"